ಫ್ಲ್ಯಾಂಜ್ ಮುಚ್ಚಳಕ್ಕೆ ಓ-ರಿಂಗ್ ಗ್ರೂವ್: ಆಳ ಎಷ್ಟು, ಅಗಲ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳೆಲ್ಲ ಟರ್ನರ್‌ಗಳು, ಡ್ರಾಯಿಂಗ್ ಹಾಕುವ ಹುಡುಗರು, ಮೇಂಟೆನೆನ್ಸ್‌ನವರು ನನ್ನನ್ನು ಕೇಳುತ್ತಾ ಬಂದವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲವೂ ಒಂದೇ ಬಗೆಯ ಸೀಲ್ ಬಗ್ಗೆ: ಎರಡು ಚಪ್ಪಟೆ ಮುಖ, ಒಂದರಲ್ಲಿ ಗ್ರೂವ್, ಅದರೊಳಗೆ ಓ-ರಿಂಗ್, ಮೇಲೆ ಬೋಲ್ಟ್. ಏನೂ ಅಲುಗಾಡುವುದಿಲ್ಲ. ಪಿಸ್ಟನ್, ಶಾಫ್ಟ್‌ಗಳ ಲೆಕ್ಕ ಬೇರೆ, ಅದನ್ನು ಇಲ್ಲಿಗೆ ತರಬೇಡಿ.

ಉದಾಹರಣೆಗೆ ಕೊನೆಯವರೆಗೂ ಒಂದೇ ಕೆಲಸ ಹಿಡಿದುಕೊಳ್ಳುತ್ತೇನೆ. ಒಂದು ಎಣ್ಣೆ ಫಿಲ್ಟರ್ ಹೌಸಿಂಗ್, ಒಳಗಿನ ಬೋರ್ 180 ಮಿ.ಮೀ., ಒಳಗೆ 10 ಬಾರ್ ಒತ್ತಡ, ಮುಚ್ಚಳಕ್ಕೆ ಎಂಟು ಎಂ12 ಬೋಲ್ಟ್. ಸೀಲಿಗೆ 5 ಮಿ.ಮೀ. ನೈಟ್ರೈಲ್ ರಬ್ಬರ್ ಕಾರ್ಡ್, 70 ಶೋರ್ ಗಡಸು. ಕಾರ್ಡ್ ಅಂದರೆ ಮೀಟರ್ ಲೆಕ್ಕದಲ್ಲಿ ಸಿಗುವ ದುಂಡನೆ ರಬ್ಬರ್ ಹಗ್ಗ, ಅದನ್ನು ಕತ್ತರಿಸಿ ತುದಿಗಳನ್ನು ಅಂಟಿಸಿ ರಿಂಗ್ ಮಾಡಿಕೊಳ್ಳುತ್ತೇವೆ.

## ಮೊದಲು ಇಷ್ಟು

ಸರ್, ಕಾರ್ಡ್ 5 ಮಿ.ಮೀ. ಇದೆ. ಗ್ರೂವ್ ಎಷ್ಟು ಆಳ ಹೊಡೀಲಿ?

3.75 ಮಿ.ಮೀ.

ಲೆಕ್ಕ ಹೀಗೆ. ಮುಚ್ಚಳ ಕೂತಾಗ ಕಾರ್ಡ್ ಎಷ್ಟು ಪರ್ಸೆಂಟ್ ಅದುಮಿಕೊಳ್ಳಬೇಕು ಅಂತ ಮೊದಲು ತೀರ್ಮಾನಿಸಿ. ಇದಕ್ಕೆ ಸ್ಕ್ವೀಜ್ ಅಂತೀವಿ. ಚಪ್ಪಟೆ ಮುಖದ ಸೀಲಿಗೆ 20ರಿಂದ 30 ಪರ್ಸೆಂಟ್ ಒಳ್ಳೆಯ ಜಾಗ. ನಡುವಿನ 25 ಹಿಡಿದುಕೊಳ್ಳಿ.

```
ಆಳ = d × (1 − s/100)
3.75 = 5 × (1 − 25/100)
```

ಇಲ್ಲಿ d ಅಂದರೆ ಕಾರ್ಡಿನ ದಪ್ಪ, s ಅಂದರೆ ಸ್ಕ್ವೀಜ್ ಪರ್ಸೆಂಟ್. 5 ಮಿ.ಮೀ. ದಪ್ಪದ ಕಾರ್ಡ್ 3.75 ಆಳದಲ್ಲಿ ಕೂತರೆ 1.25 ಮಿ.ಮೀ. ಮೇಲೆ ಉಳಿದಿರುತ್ತದೆ. ಮುಚ್ಚಳ ಮುಚ್ಚಿದಾಗ ಅಷ್ಟನ್ನೂ ಅದುಮುತ್ತದೆ.

25 ಪರ್ಸೆಂಟೇ ಯಾಕೆ? 10 ಸಾಕಲ್ವಾ? ಅಥವಾ 40 ಇಟ್ರೆ ಇನ್ನೂ ಗಟ್ಟಿ ಅಲ್ವಾ?

10 ಇಟ್ಟರೆ ಹೊಸತರಲ್ಲಿ ನಿಲ್ಲಬಹುದು. ಆದರೆ ಕಾರ್ಡ್ ಸ್ವಲ್ಪ ತೆಳ್ಳಗೆ ಬಂತು, ಗ್ರೂವ್ ಸ್ವಲ್ಪ ಆಳ ಆಯ್ತು ಅಂದರೆ ಆ 10 ಕರಗಿ 5 ಆಗುತ್ತದೆ. ಮೇಲಿಂದ ರಬ್ಬರ್ ತಿಂಗಳುಗಟ್ಟಲೆ ಒತ್ತಡದಲ್ಲಿ ಕೂತು ತನ್ನ ಚೇತರಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ಚಳಿಗೆ ಬಿರುಸಾಗುತ್ತದೆ. ಇದಕ್ಕೆಲ್ಲ ಕೈಯಲ್ಲಿ ಏನಾದರೂ ಮಿಗಬೇಕು.

40 ಇಟ್ಟರೆ ಬೇರೆ ತೊಂದರೆ. ಸ್ಕ್ವೀಜ್ ಏರಿದ ಹಾಗೆ ಮುಚ್ಚಳ ಕೂರಿಸಲು ಬೇಕಾದ ಬಲ ಅದೇ ಲೆಕ್ಕದಲ್ಲಿ ಏರಲ್ಲ, ಅದಕ್ಕಿಂತ ಜೋರಾಗಿ ಏರುತ್ತದೆ. ತೆಳು ಮುಚ್ಚಳವಾದರೆ ಬೋಲ್ಟ್‌ಗಳ ನಡುವೆ ಬಾಗುತ್ತದೆ. ರಬ್ಬರ್ ಒಳಗೂ ಜಾಸ್ತಿ ಎಳೆತ ಉಳಿದು, ಬಿಸಿ ಜಾಗದಲ್ಲಿ ಬೇಗ ಬಿರುಕು ಬಿಡುತ್ತದೆ ಇಲ್ಲವೇ ಚಪ್ಪಟೆಯಾಗಿ ಉಳಿದುಬಿಡುತ್ತದೆ. ಜಾಸ್ತಿ ಅದುಮಿದ ರಿಂಗ್ ಜಾಸ್ತಿ ದಿನ ಬಾಳುವುದಿಲ್ಲ.

ನಾನು 5 ಅನ್ನು 1.25ರಿಂದ ಭಾಗಿಸಿದೆ, 4 ಬಂತು. ಅದೂ 25 ಪರ್ಸೆಂಟೇ ತಾನೆ?

ಅಲ್ಲ. 5 ಮಿ.ಮೀ. ಕಾರ್ಡ್ 4ರ ಆಳದಲ್ಲಿ 1 ಮಿ.ಮೀ. ಅದುಮುತ್ತದೆ, ಅಂದರೆ 20 ಪರ್ಸೆಂಟ್. ಪರ್ಸೆಂಟನ್ನು ಯಾವಾಗಲೂ ಕಾರ್ಡಿನ ದಪ್ಪದ ಮೇಲೆ ಹಾಕಬೇಕು, ಗ್ರೂವಿನ ಆಳದ ಮೇಲಲ್ಲ. ನೋಡಲು ಸಣ್ಣ ತಪ್ಪು. ಆದರೆ ಶುರುವಿಗೇ 20ರ ಅಂಚಿನಲ್ಲಿ ನಿಂತರೆ, ಒಂದು ತೆಳ್ಳಗಿನ ಕಾರ್ಡ್ ಸಿಕ್ಕಿದ ದಿನ ಕೆಳಗೆ ಜಾರುತ್ತೀರಿ.

ಅಗಲ ಯಾಕೆ ಜಾಸ್ತಿ ಕೊಡ್ಬೇಕು? 5ರ ಕಾರ್ಡಿಗೆ 5 ಅಗಲ ಕೊಟ್ರೆ ಬಿಗಿಯಾಗಿ ಕೂರಲ್ವಾ?

ಕೂರುತ್ತೆ, ಆದರೆ ಮುಚ್ಚಳ ಮುಚ್ಚುವುದಿಲ್ಲ. ರಬ್ಬರ್ ಸ್ಪಂಜಿನ ಹಾಗಲ್ಲ. ಅದುಮಿದರೆ ಆಕಾರ ಬದಲಾಗುತ್ತದೆಯೇ ಹೊರತು ಗಾತ್ರ ಕಡಿಮೆಯಾಗುವುದಿಲ್ಲ. ಈ ವಿಷಯದಲ್ಲಿ ಅದು ಹೆಚ್ಚುಕಮ್ಮಿ ನೀರಿನ ಹಾಗೆ. ಚಪಾತಿ ಉಂಡೆಯನ್ನು ಅಂಗೈಯಲ್ಲಿ ಒತ್ತಿದರೆ ಪಕ್ಕಕ್ಕೆ ಹರಡುತ್ತದಲ್ಲ, ಹಾಗೇ ಇದೂ.

ನಮ್ಮ 5ರ ಕಾರ್ಡನ್ನು 3.75ಕ್ಕೆ ಅದುಮಿದರೆ ಅದು ಸುಮಾರು 6 ಮಿ.ಮೀ. ಅಗಲ ಆಗುತ್ತದೆ. ಗ್ರೂವ್ 5 ಇದ್ದರೆ ಆ ರಬ್ಬರ್ ಹೋಗುವುದೆಲ್ಲಿಗೆ? ಎರಡು ಮುಖಗಳ ಸಂದಿಗೆ ನುಗ್ಗುತ್ತದೆ. ಬೋಲ್ಟ್ ಬಿಗಿ ಅನಿಸುತ್ತದೆ, ಟಾರ್ಕ್ ವ್ರೆಂಚ್ ಟಕ್ ಅನ್ನುತ್ತದೆ, ಆದರೆ ಫೀಲರ್ ಗೇಜ್ ಹಾಕಿ ನೋಡಿದರೆ ಲೋಹ ಲೋಹಕ್ಕೆ ತಾಗಿರುವುದೇ ಇಲ್ಲ.

ಹಾಗಾದ್ರೆ ಅಗಲದ ಲೆಕ್ಕ ಹೇಗೆ?

ಅಗಲ ಹುಡುಕುವುದು ಜಾಗದ ಲೆಕ್ಕದಿಂದ. ಗ್ರೂವಿನ ಅಡ್ಡಕೊಯ್ತದಲ್ಲಿ ರಬ್ಬರ್ ಎಷ್ಟು ಭಾಗ ತುಂಬಬೇಕು ಅಂತ ನೋಡುತ್ತೇವೆ. ಇದಕ್ಕೆ ಫಿಲ್ ಅನ್ನೋಣ. ಮಾಮೂಲಿ 75 ಪರ್ಸೆಂಟ್ ಸುತ್ತಮುತ್ತ ಇರಲಿ, ಎಲ್ಲ ಟಾಲರೆನ್ಸ್ ಕೆಟ್ಟ ಕಡೆಗೇ ಹೋದರೂ 85 ದಾಟದಿರಲಿ.

```
ಕಾರ್ಡಿನ ಏರಿಯಾ = 0.785 × d × d = 0.785 × 25 = 19.6
ಅಗಲ = ಏರಿಯಾ / (ಫಿಲ್ × ಆಳ) = 19.6 / (0.75 × 3.75) = 7.0
```

ಅಂದರೆ 7 ಮಿ.ಮೀ. ಅದುಮಿದ ಕಾರ್ಡ್ 6 ತಿನ್ನುತ್ತದೆ, 1 ಮಿ.ಮೀ. ಖಾಲಿ ಇರುತ್ತದೆ. ಆ ಖಾಲಿ ಜಾಗ ವ್ಯರ್ಥ ಅಲ್ಲ, ಮುಂದೆ ಬಿಸಿಗೆ, ಎಣ್ಣೆಗೆ ರಬ್ಬರ್ ಉಬ್ಬಿದಾಗ ಅದೇ ಕಾಪಾಡುವುದು.

ಕ್ಯಾಲ್ಕುಲೇಟರ್ ಕೈಯಲ್ಲಿ ಇಲ್ಲದಾಗ ಒಂದು ಸುಲಭದ ಅಳತೆ: ಆಳ ಕಾರ್ಡಿನ ಮುಕ್ಕಾಲು, ಅಗಲ ಕಾರ್ಡಿನ 1.4 ಪಟ್ಟು. ಯಾವ ಕಾರ್ಡ್ ಹಿಡಿದರೂ ಇದರಲ್ಲಿ ಫಿಲ್ 75ರ ಹತ್ತಿರವೇ ಬರುತ್ತದೆ. 3.53ರ ಕಾರ್ಡಿಗೆ ಆಳ 2.65, ಅಗಲ 4.95. ಆದರೆ ಇದು ಶುರು ಮಾಡಲು ಮಾತ್ರ, ಡ್ರಾಯಿಂಗಿಗೆ ಹಾಕುವ ಮೊದಲು ಟಾಲರೆನ್ಸ್ ಇಟ್ಟು ಒಮ್ಮೆ ನೋಡಲೇಬೇಕು.

ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಸ್ಕ್ವೀಜ್ ತೀರ್ಮಾನ ಮಾಡುವುದು ಆಳ. ಜಾಗ ಕೊಡುವುದು ಅಗಲ. ಅಗಲ ಕಮ್ಮಿ ಮಾಡಿ ಸೀಲ್ ಬಿಗಿ ಮಾಡುತ್ತೇನೆ ಅಂತ ಹೊರಟವರು ಎಷ್ಟೋ ಜನ, ಅದು ಆಗುವುದಿಲ್ಲ.

ಬೋಲ್ಟ್ ಇನ್ನೂ ಟೈಟ್ ಮಾಡಿದ್ರೆ ಲೀಕ್ ನಿಲ್ಲಲ್ವಾ ಸರ್?

ಮುಖಗಳು ಆಗಲೇ ತಾಗಿದ್ದರೆ ನಿಲ್ಲುವುದಿಲ್ಲ. ಪೇಪರ್ ಗ್ಯಾಸ್ಕೆಟ್‌ಗೂ ಓ-ರಿಂಗಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಗ್ಯಾಸ್ಕೆಟ್‌ನಲ್ಲಿ ಬೋಲ್ಟ್ ಬಿಗಿ ಮಾಡಿದಷ್ಟೂ ಒತ್ತುತ್ತದೆ. ಓ-ರಿಂಗ್‌ನಲ್ಲಿ ಲೋಹ ಲೋಹಕ್ಕೆ ಕೂತ ಮೇಲೆ ರಿಂಗಿಗೆ ಸಿಗುವ ಒತ್ತು ಗ್ರೂವಿನ ಆಳದಲ್ಲಿ ಬರೆದಿಟ್ಟಷ್ಟೇ. ಆಮೇಲೆ ನೀವು ಎಳೆಯುವುದು ಬೋಲ್ಟನ್ನು ಮಾತ್ರ.

ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕಲಿತದ್ದು ಇದನ್ನೇ. ಟೆಸ್ಟ್ ಮಾಡುತ್ತಿದ್ದ ಮುಚ್ಚಳ 2 ಬಾರ್‌ಗೇ ಬೆವರಲು ಶುರು ಮಾಡಿತು. ಬೋಲ್ಟ್ ಬಿಗಿ ಮಾಡಿದೆವು, ಉದ್ದದ ಪೈಪ್ ಹಾಕಿ ಮತ್ತೆ ಬಿಗಿ ಮಾಡಿದೆವು, ಒಂದು ಬೋಲ್ಟಿನ ತಲೆ ಮುರಿಯಿತು. ಕೊನೆಗೆ ಬಿಚ್ಚಿ ಡೆಪ್ತ್ ವರ್ನಿಯರ್ ಇಟ್ಟರೆ ಗ್ರೂವ್ 4.6 ಆಳ. 5ರ ಕಾರ್ಡಿಗೆ ಅದು ಬರೀ 8 ಪರ್ಸೆಂಟ್. ಕಾರ್ಡನ್ನು ಕೈಯಲ್ಲಿ ಹಿಡಿದಾಗ ಇನ್ನೂ ಪೂರ್ತಿ ದುಂಡಗೆ ಇತ್ತು, ಮೇಲೆ ಒಂದು ಕೂದಲೆಳೆ ಅಗಲದ ಹೊಳಪು ಗೆರೆ ಅಷ್ಟೇ. ಆ ಗೆರೆ ಮೊದಲೇ ನೋಡಿದ್ದರೆ ಬೋಲ್ಟ್ ಉಳಿಯುತ್ತಿತ್ತು.

ಲೀಕ್ ನಿಲ್ಲಲಿ ಅಂತ ಓ-ರಿಂಗಿನ ಜೊತೆ ಪೇಪರ್ ಪ್ಯಾಕಿಂಗ್ ಇಡುವವರೂ ಇದ್ದಾರೆ. ದಯವಿಟ್ಟು ಬೇಡ. ಅರ್ಧ ಮಿ.ಮೀ. ಪೇಪರ್ ಇಟ್ಟರೆ ಗ್ರೂವ್ ಅರ್ಧ ಮಿ.ಮೀ. ಆಳ ಮಾಡಿದ ಹಾಗೆ. 3.75 ಇದ್ದದ್ದು 4.25 ಆಗಿ, 25 ಇದ್ದ ಸ್ಕ್ವೀಜ್ 15ಕ್ಕೆ ಇಳಿಯುತ್ತದೆ.

## ಡ್ರಾಯಿಂಗಿಗೆ ಹಾಕುವಾಗ

ಆಳಕ್ಕೆ ಟಾಲರೆನ್ಸ್ ಎಷ್ಟು ಕೊಡ್ಬೇಕು? ಸುಮ್ನೆ ±0.1 ಹಾಕಿದ್ರೆ ಆಗಲ್ವಾ?

ಕಾರ್ಡ್ ಎಷ್ಟು ಹೆಚ್ಚುಕಮ್ಮಿ ಬರುತ್ತದೆ ಅಂತ ತಿಳಿಯದೆ ಇದಕ್ಕೆ ಉತ್ತರ ಇಲ್ಲ. ಅಚ್ಚಿನಲ್ಲಿ ಮಾಡಿದ ಓ-ರಿಂಗ್ ಅಳತೆ ಚೆನ್ನಾಗಿರುತ್ತದೆ, 5.33ರ ರಿಂಗ್ ±0.13ರೊಳಗೆ ಇರಬೇಕು. ಮೀಟರ್ ಲೆಕ್ಕದಲ್ಲಿ ಸಿಗುವ ಕಾರ್ಡ್ ಹಾಗಲ್ಲ, ಅದನ್ನು ಡೈ ಮೂಲಕ ಎಳೆದು ಮಾಡಿರುತ್ತಾರೆ. ಒಂದೇ ಸುರುಳಿಯಲ್ಲಿ ಒಂದು ಕಡೆ 4.8, ಇನ್ನೊಂದು ಕಡೆ 5.2 ಸಿಕ್ಕರೆ ಆಶ್ಚರ್ಯ ಪಡಬೇಡಿ. ತಂದ ಕಾರ್ಡನ್ನು ಐದಾರು ಕಡೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಿರಿ. ವರ್ನಿಯರ್ ದವಡೆಯಲ್ಲಿ ರಬ್ಬರ್ ಒತ್ತಬಾರದು, ಸುಮ್ನೆ ತಾಗಿದರೆ ಸಾಕು.

ನಮ್ಮ ಕಾರ್ಡ್ ±0.25 ಅಂತ ಇಟ್ಟುಕೊಳ್ಳೋಣ, ಗ್ರೂವ್ 3.75 ±0.05. ಈಗ ಎರಡು ಕೆಟ್ಟ ತುದಿ ನೋಡಿ.

ತೆಳ್ಳಗಿನ ಕಾರ್ಡ್ 4.75, ಆಳದ ಗ್ರೂವ್ 3.80. ಅದುಮಿದ್ದು 0.95, ಅಂದರೆ ಸರಿಯಾಗಿ 20 ಪರ್ಸೆಂಟ್.

ದಪ್ಪ ಕಾರ್ಡ್ 5.25, ಕಮ್ಮಿ ಆಳ 3.70. ಅದುಮಿದ್ದು 1.55, ಅಂದರೆ 29.5 ಪರ್ಸೆಂಟ್.

20ರಿಂದ 30ರ ಬೇಲಿಯೊಳಗೆ ಕೂದಲೆಳೆ ಅಂತರದಲ್ಲಿ ಕೂತಿತು. ಇಲ್ಲಿ ±0.1 ಕೊಟ್ಟಿದ್ದರೆ ಎರಡೂ ಕಡೆ ಬೇಲಿ ಹಾರುತ್ತಿತ್ತು. ಹಾಗಾಗಿ ±0.05. ಲೇತ್‌ನಲ್ಲಿ ಇದು ಕಷ್ಟದ ಕೆಲಸ ಅಲ್ಲ.

ಅಗಲಕ್ಕೆ ಇಷ್ಟು ಬಿಗಿ ಬೇಡ, ಆದರೆ ಕಮ್ಮಿ ಆಗಲು ಬಿಡಬೇಡಿ. 7.0ಕ್ಕೆ ಪ್ಲಸ್ 0.2, ಮೈನಸ್ ಸೊನ್ನೆ ಅಂತ ಬರೆಯಿರಿ. ದಪ್ಪ ಕಾರ್ಡಿನ ಏರಿಯಾ 21.65, ಅತಿ ಚಿಕ್ಕ ಗ್ರೂವ್ 7.0 × 3.70 = 25.9. ಫಿಲ್ 83.6 ಪರ್ಸೆಂಟ್. 85ರ ಒಳಗೇ ಇದೆ.

ಗ್ರೂವ್ ಹೊರಗಿನ ವ್ಯಾಸ ಯಾವ ಲೆಕ್ಕದಲ್ಲಿ? ರಿಂಗ್ ಯಾವ ಗೋಡೆಗೆ ಒರಗಬೇಕು?

ಒತ್ತಡ ಎತ್ತ ತಳ್ಳುತ್ತದೋ ಆ ಗೋಡೆಗೆ ಮೊದಲೇ ಒರಗಿರಬೇಕು. ನಮ್ಮ ಹೌಸಿಂಗ್‌ನಲ್ಲಿ ಒತ್ತಡ ಒಳಗಿದೆ, ಅದು ರಿಂಗನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ರಿಂಗ್ ಹೊರಗೋಡೆಗೆ ಅಂಟಿಕೊಂಡಿರಲಿ. ಒಳಗೋಡೆಗೆ ಒರಗಿಸಿಟ್ಟರೆ ಪ್ರತಿ ಸಲ ಒತ್ತಡ ಬಂದಾಗ ರಿಂಗ್ ಹಿಗ್ಗಿ ಹೊರಗೋಡೆಗೆ ಹೋಗುತ್ತದೆ, ಒತ್ತಡ ಇಳಿದಾಗ ವಾಪಸ್ ಬರುತ್ತದೆ. ಅಲುಗಾಡದ ಸೀಲ್ ಅಂತ ಮಾಡಿದ್ದು ದಿನಕ್ಕೆ ಹತ್ತು ಸಲ ಅಲುಗಾಡಿ ಸವೆಯುತ್ತದೆ.

ಬೋರ್ 180. ಗ್ರೂವಿಗೂ ಬೋರಿಗೂ ನಡುವೆ 5 ಮಿ.ಮೀ. ಗೋಡೆ ಬಿಟ್ಟರೆ ಗ್ರೂವಿನ ಒಳವ್ಯಾಸ 190. ಎರಡೂ ಕಡೆ 7 ಸೇರಿಸಿದರೆ ಹೊರವ್ಯಾಸ 204. ಬೋಲ್ಟ್ ತೂತುಗಳೆಲ್ಲ ಇದರ ಹೊರಗೇ ಇರಬೇಕು. ತೂತುಗಳ ವೃತ್ತ 240 ಇಟ್ಟರೆ ಗ್ರೂವಿಗೂ ತೂತಿಗೂ ನಡುವೆ 11 ಮಿ.ಮೀ. ಲೋಹ ಸಿಗುತ್ತದೆ.

ಕಾರ್ಡ್ ಎಷ್ಟು ಉದ್ದ ಕತ್ತರಿಸಲಿ? ಸ್ವಲ್ಪ ಕಮ್ಮಿ ಕತ್ತರಿಸಿ ಎಳೆದು ಹಾಕ್ತೀವಿ, ಪರವಾಗಿಲ್ವಾ?

ಎಳೆದು ಹಾಕಬೇಡಿ. ಎಳೆದಷ್ಟೂ ತೆಳ್ಳಗಾಗುತ್ತದೆ. 5 ಪರ್ಸೆಂಟ್ ಎಳೆದರೆ 5ರ ಕಾರ್ಡ್ 4.88ಕ್ಕೆ ಇಳಿದು, 25ರ ಸ್ಕ್ವೀಜ್ 23 ಆಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅಂಟಿಸಿದ ಜಾಗ ಯಾವಾಗಲೂ ಎಳೆತದಲ್ಲೇ ಇರುತ್ತದೆ. ನಮ್ಮ ರಿಂಗ್ ಹೊರಗೋಡೆಗೆ ಒರಗಬೇಕು ಅಂದೆವಲ್ಲ, ಎಳೆದ ರಿಂಗ್ ಒಳಗೋಡೆ ಕಡೆ ಓಡುತ್ತದೆ.

ಹೊರಗೋಡೆಗೆ ಒರಗಿದ ಕಾರ್ಡಿನ ನಡು ವ್ಯಾಸ 204 − 5 = 199. ಉದ್ದ 3.1416 × 199 = 625 ಮಿ.ಮೀ. ಇದಕ್ಕೆ ಅರ್ಧ ಪರ್ಸೆಂಟ್ ಸೇರಿಸಿ 628ಕ್ಕೆ ಕತ್ತರಿಸಿ. ಆ 3 ಮಿ.ಮೀ. ಜಾಸ್ತಿಯೇ ರಿಂಗನ್ನು ಹೊರಗೋಡೆಗೆ ಒತ್ತಿ ಹಿಡಿಯುವುದು. ಎರಡು ಮೂರು ಪರ್ಸೆಂಟ್ ದಾಟಿದರೆ ಮಾತ್ರ ರಿಂಗ್ ಗ್ರೂವಿನಿಂದ ಎದ್ದು ನಿಲ್ಲುತ್ತದೆ, ಮುಚ್ಚಳ ಇಡುವಾಗ ಅಂಚಿಗೆ ಸಿಕ್ಕಿ ಕತ್ತರಿಸುತ್ತದೆ.

ತುದಿಗಳನ್ನು ಹೊಸ ಬ್ಲೇಡಿನಲ್ಲಿ, ಒಂದೇ ಏಟಿಗೆ ಕತ್ತರಿಸಿ. ಬ್ಲೇಡನ್ನು ಹಿಂದೆ ಮುಂದೆ ಎಳೆದಾಡಿದರೆ ತುದಿ ಅಲೆ ಅಲೆಯಾಗುತ್ತದೆ, ಸರಿಯಾಗಿ ಕೂಡುವುದಿಲ್ಲ. ಅಂಟು ಹಾಕುವಾಗ V ಆಕಾರದ ಸಣ್ಣ ಕೊರಕಲಿನಲ್ಲಿ ಎರಡೂ ತುದಿ ಇಟ್ಟು ನೇರವಾಗಿ ಕೂಡಿಸಿ. ನೈಟ್ರೈಲ್‌ಗೆ ಸೂಪರ್ ಗ್ಲೂ ಜಾತಿಯ ಅಂಟು ಹಿಡಿಯುತ್ತದೆ, ಒಂದೇ ತೊಟ್ಟು ಸಾಕು. ಜಾಸ್ತಿಯಾದರೆ ಅಂಟು ಕಲ್ಲಿನ ಹಾಗೆ ಗಟ್ಟಿಯಾಗಿ, ಆ ಜಾಗ ಅದುಮಿಕೊಳ್ಳುವುದೇ ಇಲ್ಲ, ಅದರ ಎರಡೂ ಪಕ್ಕ ಸೋರುತ್ತದೆ. ಒಣಗಿದ ಮೇಲೆ ಬೆರಳ ನಡುವೆ ಉರುಳಿಸಿ ನೋಡಿ, ಮೆಟ್ಟಿಲು ತಾಗಬಾರದು. ಸಿಲಿಕೋನ್ ಕಾರ್ಡಿಗೆ ಈ ಅಂಟು ನಡೆಯುವುದಿಲ್ಲ. ಬಿಸಿ ಎಣ್ಣೆ, ಹಬೆ ಇರುವ ಕಡೆ ಅಂಟಿನ ಮೇಲೆ ನಂಬಿಕೆ ಇಡದೆ ಅಚ್ಚಿನ ರಿಂಗನ್ನೇ ತರಿಸಿ.

ಗ್ರೂವ್ ಫಿನಿಶ್ ಬಗ್ಗೆ ಇಷ್ಟು ತಲೆ ಕೆಡಿಸ್ಕೋಬೇಕಾ? ರಬ್ಬರ್ ತಾನೇ ತುಂಬಿಕೊಳ್ಳುತ್ತಲ್ವಾ?

ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತದೆ, ಆದರೆ ಗೀರಿನ ದಿಕ್ಕು ಮುಖ್ಯ. ಲೇತ್‌ನಲ್ಲಿ ತಿರುಗಿಸಿದರೆ ಗೀರುಗಳು ಗ್ರೂವಿನ ಉದ್ದಕ್ಕೆ ಸುತ್ತು ಸುತ್ತಾಗಿ ಬರುತ್ತವೆ. ಎಣ್ಣೆ ಅದರಲ್ಲಿ ಎಷ್ಟು ಓಡಿದರೂ ಸುತ್ತಲೇ ಓಡಬೇಕು, ಹೊರಗೆ ದಾರಿ ಇಲ್ಲ. ಅಡ್ಡ ಗೀರು ಒಂದೇ ಇದ್ದರೂ ಅದು ಒಳಗಿನಿಂದ ಹೊರಗೆ ನೇರ ಕಾಲುವೆ. ಉಗುರನ್ನು ಗ್ರೂವಿನ ತಳದಲ್ಲಿ ಸುತ್ತ ಎಳೆಯಿರಿ, ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಅಡ್ಡ ಗೀರು ಇದೆ ಅಂತ ಅರ್ಥ.

ಎಣ್ಣೆ, ನೀರಿಗೆ ತಳಕ್ಕೂ ಎದುರಿನ ಮುಖಕ್ಕೂ Ra 1.6 ಸಾಕು, ಗ್ಯಾಸಿಗೆ 0.8. ಎದುರಿನ ಮುಖ ಅಂದರೆ ಮುಚ್ಚಳ, ಅದನ್ನು ಬಹಳ ಜನ ಮರೆಯುತ್ತಾರೆ. ಗ್ರೂವಿನ ಮೇಲಂಚು ಚೂಪಾಗಿರಬಾರದು, 0.1ರಿಂದ 0.2ರಷ್ಟು ಮುರಿಯಿರಿ. ತಳದ ಮೂಲೆಯಲ್ಲಿ ಟೂಲಿನ ಮೂತಿಯಿಂದ ಬರುವ 0.4ರ ದುಂಡು ಇದ್ದರೆ ತೊಂದರೆ ಇಲ್ಲ.

ಚಿಕ್ಕ ಮುಚ್ಚಳ, 1.78ರ ರಿಂಗ್. ಇದೇ ±0.05 ನಡೆಯುತ್ತಾ?

ನಡೆಯುವುದಿಲ್ಲ. ರಿಂಗ್ ತೆಳ್ಳಗಾದಷ್ಟೂ ಅದೇ 0.05 ದೊಡ್ಡದಾಗಿ ಕಾಣುತ್ತದೆ. 1.78ರ ರಿಂಗ್ ±0.08 ಬರುತ್ತದೆ, 25 ಪರ್ಸೆಂಟಿಗೆ ಆಳ 1.34. ಅದಕ್ಕೆ ±0.05 ಕೊಟ್ಟರೆ ಸ್ಕ್ವೀಜ್ 18ರಿಂದ 30.6ರವರೆಗೆ ಓಡಾಡುತ್ತದೆ. ±0.03 ಮಾಡಿದರೆ 19.4ರಿಂದ 29.6. ಜಾಗ ಇದ್ದರೆ ದಪ್ಪ ರಿಂಗನ್ನೇ ಆರಿಸಿ ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ. ದಪ್ಪ ರಿಂಗ್ ಮಷಿನಿಂಗ್ ತಪ್ಪನ್ನು ಕ್ಷಮಿಸುತ್ತದೆ.

## ಇನ್ನೂ ಒಳಗೆ ಹೋದವರಿಗೆ

ಎಣ್ಣೆಯಲ್ಲಿ ರಬ್ಬರ್ ಉಬ್ಬುತ್ತಲ್ಲ, ಅದನ್ನ ಲೆಕ್ಕದಲ್ಲಿ ಎಲ್ಲಿ ಹಿಡಿಯೋದು?

ಆಳದಲ್ಲಿ ಅಲ್ಲ, ಅಗಲದಲ್ಲಿ. ನಮ್ಮ ಕೆಟ್ಟ ತುದಿಯ ಫಿಲ್ 83.6 ಬಂದಿತ್ತು. ಎಣ್ಣೆಯಲ್ಲಿ ನೈಟ್ರೈಲ್ ಗಾತ್ರದಲ್ಲಿ 10 ಪರ್ಸೆಂಟ್ ಉಬ್ಬಿತು ಅನ್ನಿ, ಫಿಲ್ 92 ಆಯಿತು. ಹೌಸಿಂಗ್ 60 ಡಿಗ್ರಿ ಬಿಸಿ ಏರಿತು ಅನ್ನಿ. ಉಕ್ಕು ಹಿಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ, ರಬ್ಬರ್ ಮಾತ್ರ ಇನ್ನೂ ಮೂರೂವರೆ ಪರ್ಸೆಂಟ್ ಹಿಗ್ಗುತ್ತದೆ. ಫಿಲ್ 95. ಇನ್ನೂ 5 ಪರ್ಸೆಂಟ್ ಉಸಿರಾಡಲು ಜಾಗ ಇದೆ, ಸರಿ.

ಆದರೆ ನಿಮ್ಮ ಎಣ್ಣೆಯಲ್ಲಿ ಅದೇ ಕಾರ್ಡ್ 15 ಪರ್ಸೆಂಟ್ ಉಬ್ಬಿದರೆ ಲೆಕ್ಕ 99 ದಾಟುತ್ತದೆ. ಆಗ ಅಗಲವನ್ನು 7.5 ಮಾಡಿ. ಸ್ಕ್ವೀಜ್ ಒಂದಿಷ್ಟೂ ಬದಲಾಗುವುದಿಲ್ಲ, ಫಿಲ್ ಮಾತ್ರ 93ಕ್ಕೆ ಇಳಿಯುತ್ತದೆ.

ನಿಮ್ಮ ಕಾರ್ಡ್ ನಿಮ್ಮ ಎಣ್ಣೆಯಲ್ಲಿ ಎಷ್ಟು ಉಬ್ಬುತ್ತದೆ ಅಂತ ತಿಳಿಯಲು ಲ್ಯಾಬ್ ಬೇಕಾಗಿಲ್ಲ. 100 ಮಿ.ಮೀ. ತುಂಡು ಕತ್ತರಿಸಿ, ಉದ್ದ, ದಪ್ಪ ಬರೆದುಕೊಂಡು, ಅದೇ ಎಣ್ಣೆಯಲ್ಲಿ ಅದೇ ಬಿಸಿಯಲ್ಲಿ ಮೂರು ದಿನ ಮುಳುಗಿಸಿಡಿ. ತೆಗೆದು ಒರೆಸಿ ಅಳೆಯಿರಿ. ಉದ್ದ 103 ಆಗಿದ್ದರೆ ಗಾತ್ರ ಸುಮಾರು 9 ಪರ್ಸೆಂಟ್ ಹೆಚ್ಚಿದೆ. ತುಂಡು ಅಂಟಂಟಾಗಿ ಮೆತ್ತಗಾಗಿದ್ದರೆ ಗ್ರೂವ್ ತಿದ್ದಿ ಪ್ರಯೋಜನ ಇಲ್ಲ, ರಬ್ಬರ್ ಜಾತಿಯನ್ನೇ ಬದಲಾಯಿಸಬೇಕು.

ವ್ಯಾಕ್ಯೂಮ್ ಚೇಂಬರಿಗೆ ಇದೇ ಗ್ರೂವ್ ಹಾಕಬಹುದಾ?

ಎರಡು ಬದಲಾವಣೆ ಬೇಕು. ವ್ಯಾಕ್ಯೂಮ್‌ನಲ್ಲಿ ಗಾಳಿ ಹೊರಗಿನಿಂದ ಒಳಕ್ಕೆ ತಳ್ಳುತ್ತದೆ, ಹಾಗಾಗಿ ರಿಂಗ್ ಒಳಗೋಡೆಗೆ ಒರಗಬೇಕು. ಇಲ್ಲಿ ಒಂದೆರಡು ಪರ್ಸೆಂಟ್ ಎಳೆತ ಒಳ್ಳೆಯದೇ. ಇನ್ನೊಂದು, ಅಗಲ ಕಮ್ಮಿ ಇಡುತ್ತಾರೆ. 3.53ರ ರಿಂಗಿಗೆ ತಯಾರಕರ ಪಟ್ಟಿಯಲ್ಲಿ ಎಣ್ಣೆಗಾದರೆ 4.5ರಿಂದ 4.75, ವ್ಯಾಕ್ಯೂಮಿಗೆ ಸುಮಾರು 4.0ರಿಂದ 4.2. ಅಲ್ಲಿ ಎಣ್ಣೆಯಲ್ಲಿ ಉಬ್ಬುವ ಭಯ ಇಲ್ಲ, ಗ್ರೂವಿನಲ್ಲಿ ಖಾಲಿ ಜಾಗ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಒತ್ತಡ ಹಾಕಿದಾಗ ಮಾತ್ರ ಲೀಕ್, ಇಳಿಸಿದ್ರೆ ಏನೂ ಇಲ್ಲ. ಗ್ರೂವ್ ಸರಿ ಇದೆ ಅಂತ ಅಳೆದೆ.

ಗ್ರೂವ್ ಬಿಡಿ, ಮುಚ್ಚಳ ನೋಡಿ. 10 ಬಾರ್ ಅಂದರೆ ಪ್ರತಿ ಚದರ ಮಿ.ಮೀ.ಗೆ 1 ನ್ಯೂಟನ್. 204 ವ್ಯಾಸದ ಮೇಲೆ ಅದು ಸುಮಾರು 32,700 ನ್ಯೂಟನ್ ಆಗುತ್ತದೆ, ಮೂರು ಟನ್ನಿಗೂ ಜಾಸ್ತಿ ತೂಕ ಒಳಗಿನಿಂದ ಮುಚ್ಚಳವನ್ನು ತಳ್ಳಿದ ಹಾಗೆ. ಎಂಟು ಬೋಲ್ಟಿಗೆ ಹಂಚಿದರೆ ಒಂದಕ್ಕೆ 4,100 ನ್ಯೂಟನ್. ಸರಿಯಾಗಿ ಬಿಗಿ ಮಾಡಿದ ಎಂ12 ಬೋಲ್ಟಿಗೆ ಇದು ದೊಡ್ಡ ಮಾತಲ್ಲ. ಬಾಗುವುದು ತೆಳು ಮುಚ್ಚಳ.

ಎರಡು ಬೋಲ್ಟಿನ ನಡುವೆ ಮುಚ್ಚಳ 0.4 ಎದ್ದರೆ ಅಲ್ಲಿ ಗ್ರೂವ್ 4.15 ಆಳ ಆದ ಹಾಗೆ, ಸ್ಕ್ವೀಜ್ 17. ಮೇಲಿಂದ ಆ ಸಂದಿಗೆ ರಬ್ಬರ್ ನುಗ್ಗಲು ಶುರು ಮಾಡುತ್ತದೆ. ಡಯಲ್ ಗೇಜನ್ನು ಎರಡು ಬೋಲ್ಟ್ ನಡುವೆ, ಮುಚ್ಚಳದ ಅಂಚಿನ ಮೇಲೆ ಇಟ್ಟು ಒತ್ತಡ ಏರಿಸಿ ನೋಡಿ, ಮುಳ್ಳು ಎಷ್ಟು ಓಡುತ್ತದೆ ಅಂತ. ಟೆಸ್ಟ್‌ಗೆ ನೀರು ಅಥವಾ ಎಣ್ಣೆ ಬಳಸಿ, ಗಾಳಿ ಬೇಡ. ಗಾಳಿ ಒತ್ತಡದಲ್ಲಿ ಮುಚ್ಚಳ ಕಿತ್ತರೆ ಎದುರಿಗೆ ಇದ್ದವರು ಉಳಿಯುವುದಿಲ್ಲ.

1986ರ ಜನವರಿ 28ರಂದು ಚಾಲೆಂಜರ್ ನೌಕೆ ಒಡೆದದ್ದು ಗೊತ್ತಲ್ವಾ? ಅಲ್ಲಿಯ ಸೀಲ್ ಬೇರೆ ಬಗೆಯದು. ಆದರೆ ಕಾರಣ ಹತ್ತಿರದ್ದೇ: ಒತ್ತಡ ಬಂದಾಗ ಜೋಡಣೆ ಬಾಗಿ ಸಂದಿ ತೆರೆಯಿತು, ಚಳಿಗೆ ಬಿರುಸಾದ ರಬ್ಬರ್ ಆ ಸಂದಿ ತೆರೆದಷ್ಟು ಬೇಗ ಹಿಂದಕ್ಕೆ ಚಿಮ್ಮಿ ಮುಚ್ಚಲಿಲ್ಲ.

ಕೈ ತಪ್ಪಿ ಗ್ರೂವ್ 4.1 ಆಳ ಹೋಯ್ತು. ಪೀಸ್ ಸ್ಕ್ರಾಪಾ?

ಬೇಡ, ಉಳಿಸಬಹುದು. 5ರ ಕಾರ್ಡಿಗೆ 4.1 ಅಂದರೆ 18 ಪರ್ಸೆಂಟ್, ಹಾಗೇ ಬಿಡುವುದು ಸರಿಯಲ್ಲ. ಮೊದಲ ದಾರಿ, ಗ್ರೂವ್ ಇರುವ ಮುಖವನ್ನೇ 0.35 ಫೇಸಿಂಗ್ ಮಾಡಿ. ಆಳ ತಾನಾಗಿ 3.75ಕ್ಕೆ ಬರುತ್ತದೆ. ಹೌಸಿಂಗ್ ಎತ್ತರ 0.35 ಕಮ್ಮಿಯಾದರೆ ಒಳಗಿನ ಫಿಲ್ಟರ್‌ಗೆ ತೊಂದರೆ ಇಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಅದು ಆಗದಿದ್ದರೆ 5.5ರ ಕಾರ್ಡ್. 4.1ರಲ್ಲಿ ಅದರ ಸ್ಕ್ವೀಜ್ 25.5, ಚೆನ್ನಾಗಿದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. 7ರ ಅಗಲದಲ್ಲಿ 5.5ರ ಕಾರ್ಡಿನ ಫಿಲ್ 83, ಕಾರ್ಡ್ 5.75 ಬಂದರೆ 90. ಎಣ್ಣೆಯಲ್ಲಿ ಉಬ್ಬಲು ಜಾಗವೇ ಇಲ್ಲ. ಗ್ರೂವನ್ನು ಒಳಗಡೆಯಿಂದ 7.7ಕ್ಕೆ ಅಗಲ ಮಾಡಿ. ಹೊರಗೋಡೆ ಮುಟ್ಟಬೇಡಿ, ರಿಂಗ್ ಒರಗುವುದು ಅಲ್ಲೇ. ಉದ್ದ ಈಗ 204 − 5.5ರ ಲೆಕ್ಕದಲ್ಲಿ ಹೊಸದಾಗಿ ಕತ್ತರಿಸಬೇಕು.

ತೆಗೆದ ರಿಂಗ್ ನೋಡಿ ಗ್ರೂವ್ ತಪ್ಪು ಅಂತ ಹೇಗೆ ಹೇಳ್ತೀರಾ?

ರಿಂಗನ್ನು ಬಿಚ್ಚಿದ ತಕ್ಷಣ ಬಿಸಾಡಬೇಡಿ. ಯಾವ ಕಡೆ ಮೇಲಿತ್ತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒರೆಸಿ, ಬೆಳಕಿಗೆ ಹಿಡಿಯಿರಿ.

ಇನ್ನೂ ದುಂಡಗಿದ್ದು ಮೇಲೆ ಸಣ್ಣ ಗೆರೆ ಮಾತ್ರ ಇದ್ದರೆ ಸ್ಕ್ವೀಜ್ ಸಾಲದು. ನಮ್ಮ 25 ಪರ್ಸೆಂಟಿಗೆ ಆ ಪಟ್ಟಿ ಎರಡೂವರೆಯಿಂದ ಮೂರು ಮಿ.ಮೀ. ಅಗಲ ಇರಬೇಕು. ಹೊಸ ಮುಚ್ಚಳದಲ್ಲೂ ಇದನ್ನು ನೋಡಬಹುದು: ಮುಚ್ಚಳಕ್ಕೆ ತೆಳುವಾಗಿ ನೀಲಿ ಬಳಿದು, ಒಮ್ಮೆ ಬಿಗಿ ಮಾಡಿ ಬಿಚ್ಚಿದರೆ ರಿಂಗಿನ ಮೇಲೆ ಪಟ್ಟಿ ಮೂಡುತ್ತದೆ. ಸುತ್ತಲೂ ಒಂದೇ ಅಗಲ ಇದ್ದರೆ ಸರಿ. ಬೋಲ್ಟ್‌ಗಳ ನಡುವೆ ಸಪೂರ ಆದರೆ ಮುಚ್ಚಳ ಬಾಗುತ್ತಿದೆ.

ರಿಂಗ್ ನಾಲ್ಕೂ ಕಡೆ ಚಪ್ಪಟೆಯಾಗಿ ಚೌಕ ಆಗಿದ್ದರೆ ಅದು ಗ್ರೂವಿನ ಅಚ್ಚು. ಜಾಗ ಪೂರ್ತಿ ತುಂಬಿತ್ತು, ಅಗಲ ಸಾಲದು. ಜೊತೆಗೆ ಅಂಚಿನಲ್ಲಿ ತೆಳ್ಳನೆ ರಬ್ಬರ್ ರೆಕ್ಕೆ ಮೂಡಿದ್ದರೆ ಸಂದಿಗೆ ನುಗ್ಗಿದೆ ಅಂತ ಖಚಿತ. ಹೊರಗಿನ ಅಂಚಿನಲ್ಲಿ ಮಾತ್ರ ಇಲಿ ಕಚ್ಚಿದ ಹಾಗೆ ತುಂಡು ತುಂಡು ಹೋಗಿದ್ದರೆ ಅಗಲದ ತಪ್ಪಲ್ಲ, ಒತ್ತಡದಲ್ಲಿ ಮುಖಗಳ ನಡುವೆ ಸಂದಿ ತೆರೆಯುತ್ತಿದೆ.

ಮೇಲೆ ಕೆಳಗೆ ಮಾತ್ರ ಚಪ್ಪಟೆಯಾಗಿ, ಪಕ್ಕ ದುಂಡಗಿದ್ದರೆ ಗ್ರೂವ್ ಸರಿಯೇ ಇರಬಹುದು, ರಬ್ಬರ್ ಸುಸ್ತಾಗಿದೆ. ಎಷ್ಟು ಅಂತ ಅಳೆಯಲು ರಿಂಗನ್ನು ಅರ್ಧ ಗಂಟೆ ಬಿಟ್ಟು ಅದರ ಎತ್ತರ ನೋಡಿ.

```
ಸೆಟ್ % = (ಹೊಸ ದಪ್ಪ − ಈಗಿನ ದಪ್ಪ) / (ಹೊಸ ದಪ್ಪ − ಗ್ರೂವ್ ಆಳ) × 100
(5 − 4.3) / (5 − 3.75) × 100 = 56
```

56 ಅಂದರೆ ಅದುಮಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರಲಿಲ್ಲ. ಇದು ಎರಡು ವರ್ಷ ದುಡಿದ ರಿಂಗ್ ಆದರೆ ಹೊಸದು ಹಾಕಿ ಮುಂದೆ ಹೋಗಿ. ಎರಡೇ ತಿಂಗಳಿಗೆ 80 ದಾಟಿದ್ದರೆ ಗ್ರೂವನ್ನು ಮುಟ್ಟಬೇಡಿ, ಮೊದಲು ಎಣ್ಣೆಯ ಬಿಸಿ ಎಷ್ಟು ಅಂತ ಥರ್ಮಾಮೀಟರ್ ಇಟ್ಟು ನೋಡಿ. ನೈಟ್ರೈಲ್ 100 ಡಿಗ್ರಿಯ ಆಸುಪಾಸಿನಲ್ಲಿ ದಿನಗಟ್ಟಲೆ ಕೂತರೆ ಎಷ್ಟು ಸರಿಯಾದ ಗ್ರೂವ್ ಇದ್ದರೂ ಗಟ್ಟಿಯಾಗುತ್ತದೆ. ಅಲ್ಲಿ ಅದೇ 5 ಮಿ.ಮೀ. ದಪ್ಪದ ವೈಟಾನ್ ಕಾರ್ಡ್ ತರಿಸಿ, ಅದೇ 3.75, ಅದೇ 7.0ರಲ್ಲಿ ಕೂರಿಸಿ.